ಮಗು ಮಾಡಿದ ಖರೀದಿ, ಬ್ಯಾಂಕಿಗೆ ಹೋದ ತಕರಾರು, ಬೀಗ ಬಿದ್ದ ಗೇಮ್ ಖಾತೆ

ಕ್ರೆಡಿಟ್ ಕಾರ್ಡಿನ ಬಿಲ್ಲಿನಲ್ಲಿ ಗೂಗಲ್ ಪ್ಲೇ ಹೆಸರಿನ ಹತ್ತು ಸಾಲುಗಳು ಒಂದರ ಕೆಳಗೊಂದು ಕಂಡರೆ ಯಾವ ತಾಯಿತಂದೆಗಾದರೂ ಎದೆ ಧಸಕ್ಕೆನ್ನುತ್ತದೆ. ಕೈ ಮೊದಲು ಹೋಗುವುದು ಬ್ಯಾಂಕಿನ ಸಹಾಯವಾಣಿಗೆ. ಅತ್ತಲಿಂದ ಬರುವ ಮೊದಲ ಪ್ರಶ್ನೆ, "ಈ ವ್ಯವಹಾರಗಳನ್ನು ನೀವೇ ಮಾಡಿದ್ದೀರಾ?" "ಇಲ್ಲ" ಎಂಬ ಉತ್ತರ ತಾನಾಗಿ ಬಾಯಿಗೆ ಬರುತ್ತದೆ. ಅದು ಸುಳ್ಳೂ ಅಲ್ಲ. ಆದರೆ ಅಷ್ಟಕ್ಕೇ ಮಾತು ನಿಂತರೆ ಬ್ಯಾಂಕು ಅದನ್ನು ಅಪರಿಚಿತರ ವಂಚನೆ ಎಂದು ದಾಖಲಿಸಿಕೊಳ್ಳುತ್ತದೆ. ಕಾರ್ಡ್ ಬ್ಲಾಕ್ ಆಗುತ್ತದೆ, ತಕರಾರಿನ ಫಾರಂ ಬರುತ್ತದೆ, ಹಣ ಹಿಂದಕ್ಕೆಳೆಯುವ ಚಾರ್ಜ್‌ಬ್ಯಾಕ್ ಪ್ರಕ್ರಿಯೆ ಹೊರಡುತ್ತದೆ. ಹೀಗೆ ಹೊರಟವರಲ್ಲಿ ಕೆಲವರು ಕಡೆಗೆ ಬಂದು ನಿಲ್ಲುವುದು ಹಣವೂ ಬಾರದ, ಗೇಮ್ ಖಾತೆಯೂ ತೆರೆಯದ ಜಾಗದಲ್ಲಿ.

ಮನೆಯ ಮಗುವೇ ಮಾಡಿದ ಖರೀದಿಯ ಹಣ ವಾಪಸು ಪಡೆಯಲು ಎರಡು ದಾರಿಗಳಿವೆ. ಒಂದು, ಖರೀದಿ ನಡೆದ ಅಂಗಡಿಯನ್ನೇ ಕೇಳುವುದು, ಅಂದರೆ ಗೂಗಲ್ ಪ್ಲೇ, ಆ್ಯಪಲ್ ಅಥವಾ ಪ್ಲೇಸ್ಟೇಷನ್ ಸ್ಟೋರ್. ಇನ್ನೊಂದು, ಬ್ಯಾಂಕಿನ ಮೂಲಕ ಆ ಅಂಗಡಿಯಿಂದ ಹಣ ಎಳೆದುಕೊಳ್ಳುವುದು. ಎರಡನೆಯದು ಗಟ್ಟಿ ದಾರಿ ಎಂದು ಹೆಚ್ಚಿನವರು ನಂಬಿದ್ದಾರೆ. ಮಗುವಿನ ಖರೀದಿಯ ಮಟ್ಟಿಗೆ, ಅದರಲ್ಲೂ ಭಾರತದಲ್ಲಿ, ಅದು ಬಹುಪಾಲು ದುರ್ಬಲ ದಾರಿ. ಯಾಕೆ ಎನ್ನುವುದನ್ನು ಒಂದು ಮನೆಯ ಉದಾಹರಣೆ ಇಟ್ಟುಕೊಂಡು ನೋಡೋಣ. ಮನೆ ಕಲ್ಪಿತ, ಅದರೊಳಗಿನ ನಿಯಮಗಳು ಮಾತ್ರ ನಿಜ.

ಹಾಸನದಲ್ಲಿ ಒಬ್ಬ ಶಿಕ್ಷಕಿ. ಮಗ ಏಳನೇ ತರಗತಿ. ಅವನಿಗೆ ಸ್ವಂತ ಫೋನಿಲ್ಲ, ಸಂಜೆ ಅಮ್ಮನ ಆ್ಯಂಡ್ರಾಯ್ಡ್ ಫೋನಿನಲ್ಲಿ ಒಂದು ಶೂಟಿಂಗ್ ಗೇಮ್ ಆಡುತ್ತಾನೆ. ಕಳೆದ ದಸರಾ ರಜೆಯಲ್ಲಿ ಅವನ ಒತ್ತಾಯಕ್ಕೆ ಅಮ್ಮನೇ 199 ರೂಪಾಯಿಯ ಒಂದು ಪಾಸ್ ಕೊಡಿಸಿದ್ದರು. ಕಾರ್ಡಿನ ವಿವರ ಆಗಲೇ ಗೂಗಲ್ ಪ್ಲೇನಲ್ಲಿ ಉಳಿದುಕೊಂಡಿತ್ತು. ಈಗ ಸೋಮವಾರದಿಂದ ಗುರುವಾರದವರೆಗೆ, ನಾಲ್ಕು ಸಂಜೆಗಳಲ್ಲಿ, ಅವನು ಹತ್ತು ಸಲ ಗೇಮಿನ ನಾಣ್ಯ ಕೊಂಡಿದ್ದಾನೆ. ಸೋಮವಾರ, ಮಂಗಳವಾರ 899 ರೂಪಾಯಿಯ ಆರು ಪ್ಯಾಕು. ಬುಧವಾರ, ಗುರುವಾರ 1,799 ರೂಪಾಯಿಯ ನಾಲ್ಕು. ಒಟ್ಟು 12,590 ರೂಪಾಯಿ. ಅಮ್ಮನಿಗೆ ಗೊತ್ತಾಗಿದ್ದು ಗುರುವಾರ ರಾತ್ರಿ.

"ಒಟಿಪಿ ಇಲ್ಲದೆ ಹೇಗಾಯಿತು?" ಎಂದು ಎಲ್ಲರೂ ಕೇಳುತ್ತಾರೆ. ಒಟಿಪಿ ಬಂದಿತ್ತು. ಬಂದಿದ್ದು ಮಗನ ಕೈಯಲ್ಲಿದ್ದ ಅದೇ ಫೋನಿಗೆ. ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೇ ದೃಢೀಕರಣ ಬೇಕೆಂದು ರಿಸರ್ವ್ ಬ್ಯಾಂಕ್ 2009ರಲ್ಲೇ ನಿಯಮ ತಂದಿತು. ದೂರದ ಊರಿನ ಕಳ್ಳನ ಎದುರು ಆ ರಕ್ಷಣೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕಾರ್ಡ್ ಉಳಿಸಿಟ್ಟ ಫೋನು, ಒಟಿಪಿ ಬರುವ ಫೋನು, ಗೇಮ್ ಆಡುವ ಫೋನು ಮೂರೂ ಒಂದೇ ಆದ ಮನೆಯಲ್ಲಿ ಅದು ಆರು ಅಂಕಿ ನೋಡಿ ಬರೆಯುವ ಕೆಲಸವಷ್ಟೇ. ಯುಪಿಐ ಪಿನ್ ಕಥೆಯೂ ಬೇರೆಯಲ್ಲ. ತರಕಾರಿ ಅಂಗಡಿಯಲ್ಲಿ ಅಮ್ಮ ಒತ್ತುವ ಅಂಕಿಗಳನ್ನು ಪಕ್ಕದಲ್ಲಿ ನಿಂತ ಮಗು ತಿಂಗಳುಗಟ್ಟಲೆ ನೋಡಿರುತ್ತದೆ. ಗಿಫ್ಟ್ ಕಾರ್ಡ್ ಹಾಕಿ ಪ್ಲೇ ಖಾತೆಯಲ್ಲೇ ಹಣ ಇಟ್ಟಿದ್ದರೆ ಖರ್ಚಾಗುವಾಗ ಬ್ಯಾಂಕಿನ ಒಟಿಪಿಯ ಪ್ರಶ್ನೆಯೇ ಬರುವುದಿಲ್ಲ.

ಬ್ಯಾಂಕಿನ ದಾರಿ ಎಡವುವುದು ಈ ಒಟಿಪಿಯ ಮೇಲೆಯೇ. ಚಾರ್ಜ್‌ಬ್ಯಾಕ್ ಎನ್ನುವುದು ವೀಸಾ, ಮಾಸ್ಟರ್‌ಕಾರ್ಡ್‌ನಂಥ ಜಾಲಗಳು ತಮ್ಮ ಸದಸ್ಯ ಬ್ಯಾಂಕುಗಳ ನಡುವೆ ಮಾಡಿಕೊಂಡಿರುವ ವ್ಯವಸ್ಥೆ. ಗ್ರಾಹಕರು ತಕರಾರು ಎತ್ತಿದರೆ ಅವರ ಬ್ಯಾಂಕು ಅಂಗಡಿಯ ಬ್ಯಾಂಕಿನಿಂದ ಹಣ ಹಿಂದಕ್ಕೆ ಕೇಳುತ್ತದೆ. ಅದಕ್ಕೊಂದು ಕಾರಣ ಕೊಡಬೇಕು, ಪ್ರತಿ ಕಾರಣಕ್ಕೂ ಒಂದು ಸಂಖ್ಯೆ ಇದೆ. ಕಾರ್ಡ್ ಎದುರಿಗಿಲ್ಲದ ವ್ಯವಹಾರದಲ್ಲಿ ವಂಚನೆ ನಡೆದಿದೆ ಎನ್ನುವುದಕ್ಕೆ ವೀಸಾದಲ್ಲಿ 10.4. ಆದರೆ ಒಟಿಪಿಯಂಥ ದೃಢೀಕರಣ ಸರಿಯಾಗಿ ನಡೆದಿದ್ದರೆ ವಂಚನೆಯ ಹೊಣೆ ಅಂಗಡಿಯಿಂದ ಕಾರ್ಡ್ ಕೊಟ್ಟ ಬ್ಯಾಂಕಿಗೆ ವರ್ಗವಾಗುತ್ತದೆ. ಆಗ ಆ ಸಂಖ್ಯೆಯ ಮೇಲೆ ಅಂಗಡಿಯಿಂದ ಹಣ ಕೇಳುವ ಹಕ್ಕು ಬ್ಯಾಂಕಿಗೆ ಸಾಮಾನ್ಯವಾಗಿ ಉಳಿಯುವುದಿಲ್ಲ. ಅಂಗಡಿಯಿಂದ ಸಿಗದ ಹಣವನ್ನು ಬ್ಯಾಂಕು ತನ್ನ ಕೈಯಿಂದ ಕೊಡಬೇಕು. ಹಾಗಾಗಿ ಅದು ತಿರುಗಿ ಗ್ರಾಹಕರ ಮುಖ ನೋಡುತ್ತದೆ.

ಗ್ರಾಹಕರ ಪರವಾಗಿ ಇರುವುದು ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ತಂದ ನಿಯಮ. ಬ್ಯಾಂಕಿನದೂ ಅಲ್ಲದ, ಗ್ರಾಹಕರದೂ ಅಲ್ಲದ ತಪ್ಪಿನಿಂದ ಮೂರನೆಯವರು ಹಣ ಎಗರಿಸಿದ್ದರೆ, 3 ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕರಿಗೆ ಯಾವ ಹೊಣೆಯೂ ಇಲ್ಲ ಎನ್ನುತ್ತದೆ ಅದು. ತಪ್ಪು ಗ್ರಾಹಕರದೇ ಎಂದು ಸಾಬೀತುಪಡಿಸುವ ಭಾರವನ್ನೂ ಬ್ಯಾಂಕಿನ ಮೇಲೆ ಹೊರಿಸುತ್ತದೆ. ಓದಲು ಇದು ನಮ್ಮ ಶಿಕ್ಷಕಿಗೆ ಅನುಕೂಲವಾಗಿಯೇ ಕಾಣುತ್ತದೆ. ಆದರೆ ಅದೇ ನಿಯಮ, ಗ್ರಾಹಕರ ನಿರ್ಲಕ್ಷ್ಯದಿಂದ, ಉದಾಹರಣೆಗೆ ಪಾವತಿಯ ಗುಟ್ಟಿನ ವಿವರ ಹಂಚಿಕೊಂಡಿದ್ದರಿಂದ, ಆದ ನಷ್ಟ ಬ್ಯಾಂಕಿಗೆ ತಿಳಿಸುವ ಗಳಿಗೆಯವರೆಗೆ ಪೂರ್ತಿ ಗ್ರಾಹಕರದೇ ಎಂದೂ ಹೇಳುತ್ತದೆ. ಒಟಿಪಿ ಬರುವ ಫೋನನ್ನು ಮಗನ ಕೈಗೆ ಕೊಟ್ಟಿದ್ದನ್ನು ಬ್ಯಾಂಕು ಈ ಸಾಲಿನ ಕೆಳಗೆ ತರಲು ನೋಡುತ್ತದೆ. ಮಗ ಮನೆಯವನೇ, ಮೂರನೆಯವನಲ್ಲ. ಇದು ಕಠೋರವೆನಿಸಬಹುದು. ಆದರೂ ದೂರು ಬರೆಯುವ ಮೊದಲೇ ಇದನ್ನು ತಿಳಿದಿರುವುದು ಒಳ್ಳೆಯದು.

ಯುಪಿಐಯಲ್ಲಿ ಹಣ ಹೋಗಿದ್ದರೆ ಬ್ಯಾಂಕಿನ ಬಾಗಿಲು ಇನ್ನೂ ಕಿರಿದು. ಸರಿಯಾದ ಪಿನ್ ಒತ್ತಿ ಆದ ಪಾವತಿಯನ್ನು ವ್ಯವಸ್ಥೆ ಒಪ್ಪಿಗೆಯ ಪಾವತಿ ಎಂದೇ ಎಣಿಸುತ್ತದೆ. ಆ್ಯಪ್‌ನಲ್ಲಿರುವ ತಕರಾರಿನ ಸೌಲಭ್ಯ ಮುಖ್ಯವಾಗಿ ಹಣ ಕಡಿತವಾಗಿ ತಲುಪದ ಪಾವತಿಗಳಿಗೆ, ದುಡ್ಡು ಕೊಟ್ಟರೂ ಸರಕು ಬಾರದ ಸಂದರ್ಭಗಳಿಗೆ ಇರುವಂಥದ್ದು.

ಹಾಗಾದರೆ ಗುರುವಾರ ರಾತ್ರಿ ಆ ತಾಯಿ ಏನು ಮಾಡಬೇಕು?

ಮೊದಲು ಮಗನನ್ನು ಕೇಳಬೇಕು, ಹೆದರಿಸದೆ. ಹೊಡೆತದ ಭಯ ಇರುವ ಮಗು ನಾಲ್ಕು ಪ್ಯಾಕು ಒಪ್ಪಿಕೊಂಡು ಆರನ್ನು ಮುಚ್ಚಿಡುತ್ತದೆ. ಆ ಆರನ್ನು ನೀವು ಪ್ರಾಮಾಣಿಕವಾಗಿಯೇ "ಅಪರಿಚಿತರ ವಂಚನೆ" ಎಂದು ಬರೆದುಬಿಡುತ್ತೀರಿ. "ಅಮ್ಮಾ, ಅದು ಗೇಮಿನೊಳಗಿನ ದುಡ್ಡು ಅಂದ್ಕೊಂಡೆ" ಎನ್ನುವ ಉತ್ತರ ಬಂದರೆ ನಂಬಲಾಗದ ಮಾತೇನಲ್ಲ. ರೂಪಾಯಿಯನ್ನು ನಾಣ್ಯವಾಗಿ, ನಾಣ್ಯವನ್ನು ಪೆಟ್ಟಿಗೆಯಾಗಿ, ಪೆಟ್ಟಿಗೆಯನ್ನು ಬಂದೂಕಿನ ಬಣ್ಣವಾಗಿ ಬದಲಿಸುತ್ತ ಹೋಗುವ ಅಂಗಡಿಯಲ್ಲಿ ಬೆಲೆ ಎಷ್ಟೆಂದು ದೊಡ್ಡವರಿಗೇ ಲೆಕ್ಕ ತಪ್ಪುತ್ತದೆ.

ಆಮೇಲೆ ಆರ್ಡರ್‌ಗಳ ಪಟ್ಟಿ. ಗೂಗಲ್ ಪ್ಲೇನಲ್ಲಿ ನಡೆದ ಪ್ರತಿ ಖರೀದಿಗೂ GPA. ಎಂದು ಶುರುವಾಗುವ ಉದ್ದನೆಯ ಆರ್ಡರ್ ಸಂಖ್ಯೆ ಇರುತ್ತದೆ, ರಸೀದಿ ಇಮೇಲಿಗೆ ಬಂದಿರುತ್ತದೆ. ಪಾವತಿಗಳ ವಿಭಾಗದ ಆರ್ಡರ್ ಇತಿಹಾಸದಲ್ಲೂ ಅದು ಸಿಗುತ್ತದೆ. ಬ್ಯಾಂಕಿನ ಬಿಲ್ಲಿನ ಹತ್ತು ಸಾಲುಗಳನ್ನು ಈ ಹತ್ತು ಸಂಖ್ಯೆಗಳಿಗೆ ಒಂದೊಂದಾಗಿ ಹೊಂದಿಸಿ ಬರೆದುಕೊಳ್ಳಬೇಕು. ಬಿಲ್ಲಿನಲ್ಲಿರುವ ಒಂದು ಸಾಲು ಇತಿಹಾಸದಲ್ಲಿ ಸಿಗದಿದ್ದರೆ ಅದು ಬೇರೆ ಖಾತೆಯಲ್ಲಿ ನಡೆದಿದೆ, ಇಲ್ಲವೇ ನಿಜಕ್ಕೂ ಹೊರಗಿನವರ ಕೆಲಸ. ಬ್ಯಾಂಕಿನ ದಾರಿ ಆ ಒಂದು ಸಾಲಿಗೆ ಬೇಕಾಗುತ್ತದೆ. ಕೊಂಡಿದ್ದು ನಾಣ್ಯ ಮಾರುವ ಬೇರೆ ವೆಬ್‌ಸೈಟಿನಲ್ಲಾದರೆ ಗೂಗಲ್ ಅದಕ್ಕೆ ಹೊಣೆಯಲ್ಲ, ಆ ಸೈಟನ್ನೇ ಕೇಳಬೇಕು.

ಈ ಹೊತ್ತಿನಲ್ಲಿ ಗೇಮನ್ನು ಕಿತ್ತುಹಾಕುವ, ಖಾತೆಯನ್ನೇ ಅಳಿಸುವ ಕೋಪ ಬರುತ್ತದೆ. ಬೇಡ. ಗೇಮಿನೊಳಗಿನ ಆಟಗಾರನ ಐಡಿ, ಉಳಿದಿರುವ ನಾಣ್ಯ, ಖರೀದಿಯ ದಾಖಲೆ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ಮಿಕ್ಕ ನಾಣ್ಯವನ್ನು ಮಗು ಮುಟ್ಟಬಾರದು. ಖರ್ಚಾಗದ ನಾಣ್ಯಕ್ಕೆ ರೀಫಂಡ್ ಕೇಳುವುದು ಸುಲಭ. ಕಾರ್ಡನ್ನು ಪ್ಲೇ ಖಾತೆಯಿಂದ ತೆಗೆದು, ಪ್ರತಿ ಖರೀದಿಗೂ ದೃಢೀಕರಣ ಕೇಳುವ ಸೆಟ್ಟಿಂಗ್ ಹಾಕಿದರೆ ಹನ್ನೊಂದನೇ ಸಾಲು ಬರುವುದಿಲ್ಲ.

ಇನ್ನು ಅರ್ಜಿ. play.google.com ನ ಆರ್ಡರ್ ಇತಿಹಾಸದಲ್ಲಿ ಪ್ರತಿ ಖರೀದಿಯ ಪಕ್ಕ ಸಮಸ್ಯೆ ವರದಿ ಮಾಡುವ ಅವಕಾಶ ಇರುತ್ತದೆ. ಅಲ್ಲಿನ ಕಾರಣಗಳ ಪೈಕಿ ಸ್ನೇಹಿತರು ಅಥವಾ ಮನೆಯವರು ನನ್ನ ಒಪ್ಪಿಗೆಯಿಲ್ಲದೆ ಕೊಂಡಿದ್ದಾರೆ ಎಂಬರ್ಥದ ಆಯ್ಕೆಯೇ ಇದೆ. ಆರಿಸಬೇಕಾದ್ದು ಅದನ್ನೇ. ಹತ್ತು ಆರ್ಡರ್‌ಗೆ ಹತ್ತು ಅರ್ಜಿ. ಗೂಗಲ್ ಇಟ್ಟಿರುವ ಮುಖ್ಯ ಗಡಿ 48 ಗಂಟೆ. ಅದರೊಳಗಿನ ಖರೀದಿಗಳ ಅರ್ಜಿಯನ್ನು ಅದೇ ನೋಡುತ್ತದೆ, ತೀರ್ಮಾನ ಸಾಮಾನ್ಯವಾಗಿ ಒಂದು ದಿನದಲ್ಲಿ, ತಡವಾದರೆ ನಾಲ್ಕು ದಿನದಲ್ಲಿ ಬರುತ್ತದೆ. ನಮ್ಮ ಉದಾಹರಣೆಯಲ್ಲಿ ಗುರುವಾರ ರಾತ್ರಿಯೇ ಅರ್ಜಿ ಹಾಕಿದರೆ ಬುಧವಾರ, ಗುರುವಾರದ ನಾಲ್ಕು ಪ್ಯಾಕು, ಅಂದರೆ 7,196 ರೂಪಾಯಿ, ಗಡಿಯೊಳಗೆ ಬರುತ್ತವೆ. ಸೋಮವಾರ, ಮಂಗಳವಾರದ 5,394 ರೂಪಾಯಿ ಗಡಿ ದಾಟಿದೆ. ಅದಕ್ಕೆ ಗೇಮ್ ತಯಾರಿಸಿದ ಕಂಪನಿಗೆ ಬರೆಯಬೇಕು. ಕಂಪನಿಯ ವಿಳಾಸ ಪ್ಲೇ ಸ್ಟೋರ್‌ನ ಆ ಗೇಮಿನ ಪುಟದಲ್ಲೇ ಇರುತ್ತದೆ. ಆಟಗಾರನ ಐಡಿ, ಆರು ಆರ್ಡರ್ ಸಂಖ್ಯೆಗಳು, ಮಗುವಿನ ವಯಸ್ಸು, ಉಳಿದ ನಾಣ್ಯದ ಲೆಕ್ಕ, ಇಷ್ಟನ್ನು ನಾಲ್ಕೈದು ಸಾಲಿನಲ್ಲಿ ಬರೆದರೆ ಸಾಕು. ಒಪ್ಪುವುದು ಬಿಡುವುದು ಅವರ ನೀತಿಗೆ ಬಿಟ್ಟದ್ದು. ಶುಕ್ರವಾರ ಸಂಜೆ ನೋಡೋಣ ಎಂದು ಮುಂದೂಡಿದ್ದರೆ ಬುಧವಾರದ ಖರೀದಿಗಳೂ ಗಡಿಯಾಚೆ ಹೋಗುತ್ತಿದ್ದವು. ಬ್ಯಾಂಕಿನ ಸಹಾಯವಾಣಿಯಲ್ಲಿ, ಫಾರಂ ತುಂಬುವುದರಲ್ಲಿ ಕಳೆಯುವ ಎರಡು ದಿನದ ಬೆಲೆ ಇದೇ.

ಐಫೋನ್ ಆದರೆ reportaproblem.apple.com. ಅಲ್ಲೂ ಅಪ್ರಾಪ್ತ ಮಗು ಒಪ್ಪಿಗೆಯಿಲ್ಲದೆ ಕೊಂಡಿದೆ ಎಂಬ ಕಾರಣ ಇದೆ, ಉತ್ತರ ಸಾಮಾನ್ಯವಾಗಿ 48 ಗಂಟೆಯಲ್ಲಿ ಬರುತ್ತದೆ. ಗೇಮಿನ ನಾಣ್ಯದಂಥ ಖರ್ಚಾಗುವ ವಸ್ತುವಿಗೆ ರೀಫಂಡ್ ಕೇಳಿದಾಗ, ಕೊಂಡಿದ್ದರಲ್ಲಿ ಎಷ್ಟು ಬಳಕೆಯಾಗಿದೆ ಎಂದು ಆ್ಯಪಲ್ ಗೇಮ್ ಕಂಪನಿಯನ್ನು ಕೇಳುವ ವ್ಯವಸ್ಥೆ ಇದೆ. ಉಳಿದ ನಾಣ್ಯ ಮುಟ್ಟಬೇಡಿ ಎಂದಿದ್ದಕ್ಕೆ ಇದೂ ಒಂದು ಕಾರಣ.

ಅಂಗಡಿಯ ಮೂಲಕವೇ ಹಣ ವಾಪಸು ಬಂದಾಗಲೂ ಗೇಮ್ ಖಾತೆಗೆ ಏನೂ ಆಗುವುದಿಲ್ಲ ಎಂದಲ್ಲ. ಹಣ ಹಿಂದಿರುಗಿದ ಆರ್ಡರ್‌ಗಳ ಪಟ್ಟಿಯನ್ನು ಗೂಗಲ್ ಗೇಮ್ ಕಂಪನಿಗಳಿಗೆ ಒದಗಿಸುತ್ತದೆ. ಬಳಕೆದಾರರು ಕೇಳಿ ಪಡೆದ ರೀಫಂಡ್, ಕಂಪನಿಯೇ ರದ್ದು ಮಾಡಿದ್ದು, ಬ್ಯಾಂಕಿನಿಂದ ಚಾರ್ಜ್‌ಬ್ಯಾಕ್ ಆದದ್ದು ಎಲ್ಲವೂ ಅದರಲ್ಲಿ ಸೇರುತ್ತವೆ. ಕಂಪನಿ ಆ ಪಟ್ಟಿ ನೋಡಿ ಕೊಟ್ಟ ವಸ್ತುವನ್ನು ವಾಪಸು ಕಿತ್ತುಕೊಳ್ಳುತ್ತದೆ. ಹಣ ಹೋದ ಮೇಲೆ ಸರಕು ಬಿಡುವುದಿಲ್ಲ ಎನ್ನುವುದು ನ್ಯಾಯವೇ. ಗಂಟು ಬೀಳುವುದು ಸರಕು ಆಗಲೇ ಖರ್ಚಾಗಿದ್ದಾಗ. ನಮ್ಮ ಹುಡುಗ ಹತ್ತು ಪ್ಯಾಕಿನಿಂದ 10,000 ನಾಣ್ಯ ಪಡೆದು 9,400 ಖರ್ಚು ಮಾಡಿದ್ದಾನೆ ಎಂದಿಟ್ಟುಕೊಳ್ಳಿ. ಖಾತೆಯಲ್ಲಿರುವುದು 600. ಕಂಪನಿ ಹತ್ತು ಸಾವಿರವನ್ನೂ ಹಿಂದಕ್ಕೆಳೆದರೆ ಖಾತೆ ಸೊನ್ನೆಗೆ ನಿಲ್ಲುವುದಿಲ್ಲ, ಮೈನಸ್ 9,400ಕ್ಕೆ ಹೋಗುತ್ತದೆ. ಹಲವು ಮೊಬೈಲ್ ಗೇಮುಗಳಲ್ಲಿ ಹೀಗೆ ಮೈನಸ್‌ಗೆ ಹೋಗುವ ಪದ್ಧತಿ ಇದೆ. ಆ ಸಾಲ ತೀರುವವರೆಗೆ ಆಟದಲ್ಲಿ ಗಳಿಸುವ ನಾಣ್ಯವೆಲ್ಲ ಅದಕ್ಕೇ ಜಮೆಯಾಗುತ್ತದೆ, ಕೆಲವು ಕಡೆ ಖಾತೆಯೇ ತಡೆಹಿಡಿಯಲ್ಪಡುತ್ತದೆ. ಅದಕ್ಕೇ ಕಂಪನಿಗೆ ಬರೆಯುವಾಗ ಕೊಂಡ ವಸ್ತುಗಳನ್ನೂ ವಾಪಸು ತೆಗೆದುಕೊಳ್ಳಿ ಎಂದು ಕೇಳುವುದು ಒಳ್ಳೆಯದು. ಬಂದೂಕಿನ ಬಣ್ಣ ಹೋಗಲಿ, ಖಾತೆ ಉಳಿಯಲಿ.

ರೀಫಂಡ್‌ಗೂ ಚಾರ್ಜ್‌ಬ್ಯಾಕ್‌ಗೂ ಇರುವ ವ್ಯತ್ಯಾಸ ಗೇಮ್ ಖಾತೆಯ ಮಟ್ಟಿಗೆ ಬಹಳ ದೊಡ್ಡದು. ರೀಫಂಡ್ ಎಂದರೆ ಅಂಗಡಿ ಒಪ್ಪಿ ಕೊಟ್ಟ ಹಣ. ಚಾರ್ಜ್‌ಬ್ಯಾಕ್‌ನಲ್ಲಿ ಅಂಗಡಿಯನ್ನು ಮಾತೂ ಕೇಳದೆ ಅದರ ಕೈಯಿಂದ ಹಣ ತೆಗೆಯಲಾಗುತ್ತದೆ, ಮೇಲೆ ದಂಡದಂತೆ ಶುಲ್ಕವೂ ಬೀಳುತ್ತದೆ. ತಕರಾರುಗಳ ಪ್ರಮಾಣ ಏರಿದರೆ ಕಾರ್ಡ್ ಜಾಲಗಳು ಅಂಗಡಿಯ ಮೇಲೆಯೇ ಕ್ರಮ ಕೈಗೊಳ್ಳುತ್ತವೆ. ಕದ್ದ ಕಾರ್ಡಿನಿಂದ ನಾಣ್ಯ ಕೊಂಡು, ಖಾತೆಯನ್ನು ಮಾರಿ ಮಾಯವಾಗುವ ಕಳ್ಳರೂ ಕಾಣುವುದು ಹೀಗೆಯೇ, ಒಂದು ಚಾರ್ಜ್‌ಬ್ಯಾಕ್ ಆಗಿ. ಹಾಸನದ ಶಿಕ್ಷಕಿಯನ್ನೂ ಆ ಕಳ್ಳನನ್ನೂ ಬೇರೆ ಮಾಡಿ ನೋಡುವಂಥದ್ದು ಅಂಗಡಿಯ ಕಂಪ್ಯೂಟರಿನ ಮುಂದೆ ಏನೂ ಇರುವುದಿಲ್ಲ. ಆದ್ದರಿಂದ ಅದು ಖಾತೆಗೆ ಬೀಗ ಹಾಕುತ್ತದೆ.

ಬೀಗ ಎಷ್ಟು ದೊಡ್ಡದು ಎನ್ನುವುದು ಖಾತೆ ಯಾವುದು ಎನ್ನುವುದನ್ನು ಅವಲಂಬಿಸಿದೆ. ಒಂದೇ ಗೇಮಿನ ಖಾತೆಯಾದರೆ ಆ ಗೇಮು ಹೋಗುತ್ತದೆ. ಪ್ಲೇಸ್ಟೇಷನ್‌ನಲ್ಲಿ ಪಾವತಿಯನ್ನು ಬ್ಯಾಂಕಿನ ಮೂಲಕ ಹಿಂತೆಗೆದರೆ ಆ ಬಾಕಿ ತೀರುವವರೆಗೆ ಇಡೀ ನೆಟ್‌ವರ್ಕ್ ಖಾತೆ ಅಮಾನತಿನಲ್ಲಿರುತ್ತದೆ. ತಕರಾರು ಎದ್ದದ್ದು ಒಂದು ಫುಟ್‌ಬಾಲ್ ಗೇಮಿನ ಪಾಯಿಂಟುಗಳ ಬಗ್ಗೆ, ಬೀಗ ಬೀಳುವುದು ಅಪ್ಪ ವರ್ಷಗಳಿಂದ ದುಡ್ಡು ಕೊಟ್ಟು ಕೊಂಡ ಡಿಜಿಟಲ್ ಗೇಮುಗಳೆಲ್ಲಕ್ಕೂ. ಸ್ಟೀಮ್‌ನಲ್ಲೂ ಪಾವತಿಯ ತಕರಾರು ಬಂದರೆ ಖಾತೆಯ ಮೇಲೆ ನಿರ್ಬಂಧ ಬೀಳುತ್ತದೆ. ಅಲ್ಲೆಲ್ಲ ನಾವು ಕೊಳ್ಳುವುದು ವಸ್ತುವನ್ನಲ್ಲ, ಬಳಸುವ ಪರವಾನಗಿಯನ್ನು. ಖಾತೆ ಮುಚ್ಚಿದರೆ ಪರವಾನಗಿಯೂ ಮುಚ್ಚಿತು.

ಇದರ ಅನ್ಯಾಯದ ಮುಖ ಅಧಿಕೃತ ದಾಖಲೆಯಾಗಿ ಬಂದದ್ದು ಅಮೆರಿಕದಲ್ಲಿ, ಫೋರ್ಟ್‌ನೈಟ್ ಗೇಮಿನ ವಿಷಯದಲ್ಲಿ. ಎಪಿಕ್ ಗೇಮ್ಸ್ ಕಂಪನಿ 2017ರಲ್ಲಿ ಬಿಟ್ಟ ಈ ಗೇಮಿನಲ್ಲಿ ವಿ-ಬಕ್ಸ್ ಎಂಬ ನಾಣ್ಯ. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಮಾಡಿದ ಆರೋಪದ ಪ್ರಕಾರ, ಕಂಪನಿ ಕಾರ್ಡಿನ ವಿವರವನ್ನು ತಾನಾಗಿ ಉಳಿಸಿಕೊಳ್ಳುತ್ತಿತ್ತು, 2018ರವರೆಗೆ ಮಕ್ಕಳು ಹೆತ್ತವರ ಒಪ್ಪಿಗೆಯ ಯಾವ ಹಂತವೂ ಇಲ್ಲದೆ ಬಟನ್ ಒತ್ತಿ ವಿ-ಬಕ್ಸ್ ಕೊಳ್ಳಬಹುದಿತ್ತು. ಅಮೆರಿಕದಲ್ಲಿ ನಮ್ಮಲ್ಲಿಯಂತೆ ಪ್ರತಿ ಪಾವತಿಗೂ ಒಟಿಪಿ ಕಡ್ಡಾಯವಿಲ್ಲ. ಬಿಲ್ ನೋಡಿ ಗಾಬರಿಯಾದ ಹೆತ್ತವರು ಕಾರ್ಡ್ ಕಂಪನಿಯಲ್ಲಿ ತಕರಾರು ಎತ್ತಿದಾಗ ಎಪಿಕ್ ಆ ಖಾತೆಗಳಿಗೆ ಬೀಗ ಹಾಕಿತು. ದುಡ್ಡು ಕೊಟ್ಟು ಸರಿಯಾಗಿಯೇ ಕೊಂಡಿದ್ದ ಬೇರೆ ವಸ್ತುಗಳೂ ಅದರೊಳಗೆ ಸಿಕ್ಕಿಕೊಂಡವು. ಬೀಗ ತೆಗೆಯಲು ಒಪ್ಪಿದಾಗಲೂ, ಇನ್ನೊಮ್ಮೆ ತಕರಾರು ಮಾಡಿದರೆ ಜೀವಮಾನದ ನಿಷೇಧ ಬೀಳಬಹುದೆಂದು ಎಚ್ಚರಿಸಿತು ಎಂದು ಆಯೋಗ ಹೇಳಿತು. ತನ್ನ ಹಕ್ಕನ್ನು ಕೇಳಿದವರ ಮಗುವಿನ ಆಟವನ್ನು ಒತ್ತೆ ಇಟ್ಟುಕೊಳ್ಳುವ ಈ ಕ್ರಮ ನನಗೆ ಒಪ್ಪಿತವಾಗುವುದು ಸಾಧ್ಯವೇ ಇಲ್ಲ.

2022ರ ಡಿಸೆಂಬರಿನಲ್ಲಿ ಎಪಿಕ್ ಈ ಪ್ರಕರಣಕ್ಕೆ 24.5 ಕೋಟಿ ಡಾಲರ್ ಕೊಡಲು ಒಪ್ಪಿತು. 2023ರ ಮಾರ್ಚಿನಲ್ಲಿ ಅಂತಿಮವಾದ ಆದೇಶದಲ್ಲಿ ನಮಗೆ ಮುಖ್ಯವಾದ ಒಂದು ಷರತ್ತಿದೆ: ಒಪ್ಪಿಗೆಯಿಲ್ಲದ ಖರೀದಿಯ ಬಗ್ಗೆ ತಕರಾರು ಮಾಡಿದ ಕಾರಣಕ್ಕೆ ಗ್ರಾಹಕರ ಖಾತೆಯನ್ನು ತಡೆಯಬಾರದು. ಪರಿಹಾರಕ್ಕೆ ಅರ್ಹರ ಪಟ್ಟಿಯಲ್ಲಿ, 2017ರ ಜನವರಿಯಿಂದ 2022ರ ಸೆಪ್ಟೆಂಬರಿನ ನಡುವೆ ಕಾರ್ಡ್ ಕಂಪನಿಗೆ ದೂರು ಕೊಟ್ಟು ಖಾತೆ ಕಳೆದುಕೊಂಡವರನ್ನೇ ಒಂದು ಪ್ರತ್ಯೇಕ ಗುಂಪಾಗಿ ಸೇರಿಸಿದರು. 2024ರ ಡಿಸೆಂಬರಿನಲ್ಲಿ ಮೊದಲ ಕಂತಾಗಿ 7.2 ಕೋಟಿ ಡಾಲರ್ ಹಂಚಿಕೆಯಾಯಿತು. ಆದರೆ ಈ ಆದೇಶ ಕಟ್ಟಿಹಾಕುವುದು ಎಪಿಕ್ ಒಂದನ್ನೇ. ಬೇರೆ ಕಂಪನಿಗಳ ನಿಯಮಾವಳಿಗಳಲ್ಲಿ ಚಾರ್ಜ್‌ಬ್ಯಾಕ್‌ಗೆ ಖಾತೆ ತಡೆಯುವ ಅಧಿಕಾರ ಈಗಲೂ ಇದೆ. ಅಮೆರಿಕದಲ್ಲಿರುವ ಕನ್ನಡಿಗರು ಇದನ್ನು ನೆನಪಿಡಬೇಕು, ಏಕೆಂದರೆ ಅಲ್ಲಿ ಬ್ಯಾಂಕು ತಕರಾರನ್ನು ಸುಲಭವಾಗಿ ತೆಗೆದುಕೊಳ್ಳುತ್ತದೆ, ಬೀಗವೂ ಅಷ್ಟೇ ಬೇಗ ಬೀಳುತ್ತದೆ.

ಒಟಿಪಿ ಇಲ್ಲದೆ ವಿದೇಶಿ ಸೈಟಿನಲ್ಲಿ ಆದ ಖರೀದಿಗೆ ಚಾರ್ಜ್‌ಬ್ಯಾಕ್ ಹೊರಡುವುದು ನಮ್ಮಲ್ಲೂ ಸಾಧ್ಯ. ಹೊರಟಿದ್ದು ಗೆದ್ದಂತಲ್ಲ. ಬ್ಯಾಂಕು ತಾತ್ಕಾಲಿಕವಾಗಿ ಹಣ ಜಮೆ ಮಾಡಬಹುದು, ಅಂಗಡಿ ಪುರಾವೆ ಹಿಡಿದು ಎದುರು ಬರಬಹುದು. ವೀಸಾ 2023ರಲ್ಲಿ ಈ ಪುರಾವೆಯ ನಿಯಮ ಬದಲಿಸಿತು. ಅದೇ ಕಾರ್ಡಿನಲ್ಲಿ, ತಕರಾರಿಗೆ ಕನಿಷ್ಠ 120 ದಿನ ಮೊದಲು, ಯಾವ ಆಕ್ಷೇಪವೂ ಬಾರದ ಎರಡು ಖರೀದಿಗಳು ಆಗಿದ್ದು, ಅದೇ ಸಾಧನ ಅಥವಾ ಅದೇ ಇಂಟರ್ನೆಟ್ ವಿಳಾಸದ ಜೊತೆಗೆ ಇನ್ನೊಂದು ವಿವರವೂ ಹೊಂದಿದರೆ ಅಂಗಡಿಯ ವಾದ ನಿಲ್ಲುತ್ತದೆ. ಮಗುವಿನ ಖರೀದಿಯಲ್ಲಿ ಇವೆಲ್ಲ ಹೊಂದಿಯೇ ಹೊಂದುತ್ತವೆ. ಫೋನು ಮನೆಯದು, ವೈಫೈ ಮನೆಯದು, ಹಿಂದೆ ಅಮ್ಮನೇ ಪ್ರೀತಿಯಿಂದ ಕೊಡಿಸಿದ ಒಂದೆರಡು ಪಾಸ್‌ಗಳೂ ದಾಖಲೆಯಲ್ಲಿವೆ. ಜಮೆಯಾದ ಹಣವನ್ನು ಬ್ಯಾಂಕು ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಖಾತೆಯ ಬೀಗ ಮಾತ್ರ ತಾನಾಗಿ ತೆರೆಯುವುದಿಲ್ಲ.

ಎರಡೂ ದಾರಿಯಲ್ಲಿ ಏಕಕಾಲಕ್ಕೆ ಹೋಗುವುದು ಇನ್ನೊಂದು ತಪ್ಪು. ಗೂಗಲ್‌ಗೆ ಅರ್ಜಿ ಹಾಕಿ, ಎರಡು ದಿನ ಕಾದು ಬೇಸರದಿಂದ ಬ್ಯಾಂಕಿಗೂ ದೂರು ಕೊಟ್ಟರೆ ಒಂದೇ ಆರ್ಡರ್‌ಗೆ ಎರಡು ಸಲ ಹಣ ಹೋಗುವ ಸ್ಥಿತಿ ಬರುತ್ತದೆ. ತಕರಾರು ಶುರುವಾದ ಆರ್ಡರ್‌ನ ರೀಫಂಡ್ ಅಂಗಡಿಯಲ್ಲಿ ನಿಂತುಹೋಗಬಹುದು, ಎರಡೂ ಬಂದರೆ ಅದು ಮೋಸವಾಗಿ ಕಾಣುತ್ತದೆ. ರೀಫಂಡ್ ಒಪ್ಪಿಗೆಯಾದ ಆರ್ಡರ್‌ಗಳನ್ನು ಬ್ಯಾಂಕಿನ ದೂರಿನಿಂದ ಬರಹದಲ್ಲಿ ಹಿಂತೆಗೆಯಬೇಕು.

ಈಗಾಗಲೇ ಬೀಗ ಬಿದ್ದಿದ್ದರೆ? ಮೊದಲು ಬ್ಯಾಂಕಿಗೆ ಬರೆದು ತಕರಾರು ಹಿಂತೆಗೆದುಕೊಳ್ಳಿ, ಹಿಂತೆಗೆದ ಬಗ್ಗೆ ಪತ್ರ ಅಥವಾ ಇಮೇಲ್ ಕೇಳಿ ಪಡೆಯಿರಿ. ಅದನ್ನು ಆರ್ಡರ್ ಸಂಖ್ಯೆಗಳ ಜೊತೆ ಅಂಗಡಿಗೂ ಗೇಮ್ ಕಂಪನಿಗೂ ಕಳಿಸಿ, ಬಾಕಿ ಎಷ್ಟು, ಹೇಗೆ ಕಟ್ಟುವುದು ಎಂದು ಕೇಳಿ. ಬ್ಯಾಂಕು ಹಿಂತೆಗೆದರೂ ಹಣ ಅಂಗಡಿಯ ಲೆಕ್ಕಕ್ಕೆ ಮರಳಲು ವಾರಗಳು ಹಿಡಿಯಬಹುದು, ಅಲ್ಲಿಯವರೆಗೆ ಖಾತೆ ತೆರೆಯದಿದ್ದರೆ ಅರ್ಜಿ ತಿರಸ್ಕಾರವಾಯಿತೆಂದು ತಿಳಿಯಬೇಕಿಲ್ಲ. ಬೀಗ ಬಿದ್ದ ಖಾತೆಯನ್ನು ಬಿಟ್ಟು ಮಗು ಅದೇ ಫೋನಿನಲ್ಲಿ ಹೊಸ ಖಾತೆ ತೆರೆದರೆ ನಿಷೇಧ ತಪ್ಪಿಸುವ ಪ್ರಯತ್ನ ಎಂದು ಅದೂ ಮುಚ್ಚಬಹುದು.

ಬ್ಯಾಂಕಿನ ದಾರಿ ಪೂರ್ತಿ ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಮಗು ಮುಟ್ಟೇ ಇಲ್ಲದ, ಆರ್ಡರ್ ಇತಿಹಾಸದಲ್ಲಿ ಇಲ್ಲದ ಸಾಲು ಕಂಡರೆ ಅದೇ ಗಳಿಗೆ ಬ್ಯಾಂಕಿಗೂ 1930ಕ್ಕೂ ಫೋನ್ ಮಾಡಬೇಕು. ಅಲ್ಲಿ ಮೂರು ದಿನದ ಗಡಿ ನಿಮ್ಮ ರಕ್ಷಣೆ. ಗೇಮಿನ ಗೆಳೆಯ ಎಂದು ಬಂದವನು ಮಗುವಿನಿಂದ ಒಟಿಪಿ ಕೇಳಿ ಪಡೆದಿದ್ದರೂ ಅದು ಮಗುವಿನ ಖರೀದಿಯಲ್ಲ, ವಂಚನೆ. ಒಂದೇ ಪ್ಯಾಕಿಗೆ ಎರಡು ಸಲ ಹಣ ಹೋಗಿದ್ದರೆ, ರೀಫಂಡ್ ಒಪ್ಪಿದ ಮೇಲೂ ಹಣ ಬಾರದಿದ್ದರೆ, ಚಾರ್ಜ್‌ಬ್ಯಾಕ್‌ಗೆ ವಂಚನೆಯಲ್ಲದ ಬೇರೆ ಕಾರಣಗಳಿವೆ, ಅವುಗಳಲ್ಲಿ ಒಟಿಪಿ ಅಡ್ಡ ಬರುವುದಿಲ್ಲ. ಮೊತ್ತ ಲಕ್ಷ ದಾಟಿ, ಅಂಗಡಿ ಏನೂ ಕೊಡದಿದ್ದಾಗ, ಖಾತೆ ಹೋದರೂ ಸರಿ ಎಂದು ಮಗುವಿಗೂ ತಿಳಿಸಿ ಬ್ಯಾಂಕಿಗೆ ಹೋಗುವ ಕುಟುಂಬವನ್ನು ನಾನು ತಪ್ಪೆನ್ನಲಾರೆ. ಹೋದರೂ "ನನ್ನ ಅಪ್ರಾಪ್ತ ಮಗು ನನ್ನ ಒಪ್ಪಿಗೆಯಿಲ್ಲದೆ ಮಾಡಿದ ಖರೀದಿ" ಎಂದೇ ಬರೆಯಬೇಕು. ಬ್ಯಾಂಕು 30 ದಿನದಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ cms.rbi.org.in ನಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು.

ಕಾನೂನಿನ ಇನ್ನೊಂದು ಮಾತಿದೆ. 1872ರ ಕರಾರು ಕಾಯಿದೆಯ ಪ್ರಕಾರ ಅಪ್ರಾಪ್ತರಿಗೆ ಕರಾರು ಮಾಡುವ ಅರ್ಹತೆ ಇಲ್ಲ. ಅವರ ಕರಾರು ಮೊದಲಿಂದಲೇ ಅಸಿಂಧು ಎಂದು ಪ್ರಿವಿ ಕೌನ್ಸಿಲ್ 1903ರಲ್ಲಿ ಮೋಹರಿ ಬೀಬಿ ಪ್ರಕರಣದಲ್ಲಿ ತೀರ್ಪಿತ್ತಿತು. ಮಗು ಮಾಡಿದ ಖರೀದಿಯೇ ಅಸಿಂಧು ಎಂಬ ವಾದಕ್ಕೆ ಇದು ಬೇರು. ಆದರೆ ಖಾತೆ, ಕಾರ್ಡು, ಒಪ್ಪಿದ ನಿಯಮಾವಳಿ ಎಲ್ಲವೂ ತಾಯಿಯ ಹೆಸರಿನಲ್ಲಿರುವಾಗ ಅಂಗಡಿ ಕರಾರು ನಿಮ್ಮೊಂದಿಗೇ ಎನ್ನುತ್ತದೆ. ವಾದ ಮಾಡುವ ಜಾಗ ಗ್ರಾಹಕರ ಸಹಾಯವಾಣಿ 1915, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗ. ಅಲ್ಲಿ 5 ಲಕ್ಷ ರೂಪಾಯಿವರೆಗಿನ ಮೊತ್ತಕ್ಕೆ ಶುಲ್ಕವಿಲ್ಲ, ದೂರಿಗೆ 2 ವರ್ಷದ ಅವಧಿ ಇದೆ.

ಮಗು ತಾಯಿಯ ಖಾತೆಯೊಳಗೇ ಆಡುವುದೇ ಇಷ್ಟೆಲ್ಲಕ್ಕೂ ದಾರಿ ಮಾಡಿಕೊಡುವಂಥದ್ದು. ಮಗುವಿನ ವಯಸ್ಸು ಕೊಟ್ಟು ಅದರದೇ ಖಾತೆ ತೆರೆದರೆ ಗೂಗಲ್‌ನ ಫ್ಯಾಮಿಲಿ ಲಿಂಕ್‌ನಲ್ಲಿ ಪ್ರತಿ ಖರೀದಿಯೂ ನಿಮ್ಮ ಒಪ್ಪಿಗೆಗೆ ಬರುವಂತೆ ಮಾಡಬಹುದು. ಆ್ಯಪಲ್‌ನ ಕುಟುಂಬ ಹಂಚಿಕೆಯಲ್ಲಿ 13 ವರ್ಷದೊಳಗಿನವರಿಗೆ ಇದು ತಾನಾಗಿ ಚಾಲೂ ಇರುತ್ತದೆ, ಪ್ಲೇಸ್ಟೇಷನ್‌ನಲ್ಲಿ ಮಗುವಿನ ಖಾತೆಯ ತಿಂಗಳ ಖರ್ಚಿನ ಮಿತಿ ನೀವು ಬದಲಿಸುವವರೆಗೂ ಸೊನ್ನೆ. ಫ್ಯಾಮಿಲಿ ಲಿಂಕ್‌ನ ಒಪ್ಪಿಗೆ ಅನ್ವಯಿಸುವುದು ಗೂಗಲ್ ಪ್ಲೇ ಪಾವತಿಯ ಮೂಲಕ ನಡೆಯುವ ಖರೀದಿಗೆ ಮಾತ್ರ. ಹೊರಗಿನ ವೆಬ್‌ಸೈಟಿನ ಖರೀದಿಯನ್ನು ಅದು ತಡೆಯಲಾರದು.

ಇದನ್ನು ಓದುತ್ತಿರುವಾಗಲೇ ನಿಮ್ಮ ಬಿಲ್ಲಿನಲ್ಲಿ ಅಂಥ ಸಾಲುಗಳಿದ್ದರೆ, ಬ್ಯಾಂಕಿಗೆ ಫೋನ್ ಮಾಡುವ ಮುನ್ನ ಆರ್ಡರ್ ಇತಿಹಾಸ ತೆರೆದು ದಿನಾಂಕ, ಗಂಟೆ ನೋಡಿ. 48 ಗಂಟೆ ಇನ್ನೂ ಮುಗಿದಿರದಿದ್ದರೆ ಅರ್ಜಿಯನ್ನು ಈ ರಾತ್ರಿಯೇ ಹಾಕಿ.